‘ನಂತರ ತಿಳಿಸುತ್ತೇವೆ’ ಎನ್ನದೆ: ವಿವಾಹ ಸಂಬಂಧವನ್ನು ನಿರಾಕರಿಸುವ ಪತ್ರ – ಒಂದು ಪಾಠ

ಪಾಠದ ಆಯ್ಕೆ

ಪತ್ರಲೇಖನದ ಪಾಠವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ರಜೆಯ ಅರ್ಜಿಯನ್ನೋ ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಬರೆಯುವ ಪತ್ರವನ್ನೋ ಆರಿಸಿಕೊಳ್ಳುತ್ತಾರೆ. ಅಲ್ಲಿ ಸ್ಥಳ, ದಿನಾಂಕ, ಸಂಬೋಧನೆ, ಮುಕ್ತಾಯ, ಹೊರವಿಳಾಸ ಸರಿಯಾಗಿದ್ದರೆ ಅಂಕ ಬಂದುಬಿಡುತ್ತದೆ. ಪತ್ರದ ಒಡಲು ಪರೀಕ್ಷೆಗೆ ಒಳಗಾಗುವುದೇ ಕಡಿಮೆ. ಒಡಲೇ ಕಷ್ಟವಾಗಿರುವ ಪತ್ರವೊಂದನ್ನು ಕಲಿಸಬೇಕೆಂದು ನಾನು ಕನ್ನಡ ಬೋಧನಾ ವಿಧಾನದ ತರಗತಿಯಲ್ಲಿ, ಪ್ರಶಿಕ್ಷಣಾರ್ಥಿಗಳಿಗಾಗಿಯೇ, 45 ನಿಮಿಷಗಳ ಎರಡು ಅವಧಿಗಳ ಪಾಠ ಮಾಡಿದೆ. ಬಂದ ವಿವಾಹ ಸಂಬಂಧವನ್ನು ಬೇಡವೆಂದು ತಿಳಿಸುವ ಪತ್ರ ಅದರ ವಿಷಯ. ತರಗತಿಯಲ್ಲಿದ್ದವರಲ್ಲಿ ಹಲವರ ಮನೆಯಲ್ಲಿ ಆಗಲೇ ಜಾತಕಗಳು ಓಡಾಡುತ್ತಿದ್ದುದರಿಂದ ಆಸಕ್ತಿ ಕೆರಳಿಸಲು ಬೇರೆ ಪೀಠಿಕೆ ಬೇಕಾಗಲಿಲ್ಲ.

ಸನ್ನಿವೇಶ

ಕಪ್ಪುಹಲಗೆಯ ಮೇಲೆ ಬರೆದ ಸನ್ನಿವೇಶ ಹೀಗಿತ್ತು. ತಿಪಟೂರಿನ ಕಡೆಯ ಹುಡುಗನ ಮನೆಯವರು ಭಾನುವಾರ ಹಾಸನಕ್ಕೆ ಹೆಣ್ಣು ನೋಡಲು ಬಂದರು. ಜಾತಕ ಮೊದಲೇ ಕೂಡಿತ್ತು. ಹುಡುಗನ ತಂದೆ ಮರುದಿನವೇ ‘ನಮಗೆ ಒಪ್ಪಿಗೆ’ ಎಂದು ಮಧ್ಯಸ್ಥರಿಗೆ ಹೇಳಿದರು. ಮಧ್ಯಸ್ಥರು ಹುಡುಗಿಯ ಸೋದರಮಾವ. ಹುಡುಗನಲ್ಲಿ ಹೇಳುವಂಥ ದೋಷವಿಲ್ಲ. ಆದರೆ ಅವನೊಡನೆ ಮಾತನಾಡಿದ ಮೇಲೆ ಹುಡುಗಿ ‘ಮನಸ್ಸು ಒಪ್ಪುತ್ತಿಲ್ಲ’ ಎಂದಳು. ಎರಡು ಮನೆಯವರೂ ಮುಂದೆ ನೆಂಟರ ಮದುವೆ, ಗೃಹಪ್ರವೇಶಗಳಲ್ಲಿ ಎದುರಾಗುವವರೇ. ಈಗ ಹುಡುಗಿಯ ತಂದೆ ಹುಡುಗನ ತಂದೆಗೆ ಪತ್ರ ಬರೆಯಬೇಕು.

ಕಾರಣದ ಪರೀಕ್ಷೆ

ಮೊದಲ ಕರಡುಗಳಲ್ಲಿ ನಾಲ್ಕು ಬಗೆಯ ಕಾರಣಗಳು ಬಂದವು. ಅವನ್ನು ನಾನು ತಿದ್ದಲಿಲ್ಲ. ಪ್ರತಿ ಕರಡನ್ನೂ ಪಕ್ಕದ ಬೆಂಚಿನವರಿಗೆ ಕೊಟ್ಟು, ಹುಡುಗನ ತಂದೆಯಾಗಿ ಅದಕ್ಕೆ ಉತ್ತರಿಸಿ ಎಂದೆ.

‘ಜಾತಕ ಕೂಡಿ ಬರಲಿಲ್ಲ’ ಎಂಬ ಕರಡಿಗೆ ಬಂದ ಉತ್ತರ: ‘ನಮ್ಮ ಜೋಯಿಸರು ನೋಡಿಯೇ ಹೇಳಿದ್ದಾರಲ್ಲ?’ ಸುಳ್ಳು ಒಂದೇ ಸಾಲಿನಲ್ಲಿ ಹೊರಬಿತ್ತು. ‘ಮಗಳು ಇನ್ನೂ ಓದಬೇಕೆನ್ನುತ್ತಾಳೆ’ ಎಂಬುದಕ್ಕೆ ‘ಮದುವೆಯಾದ ಮೇಲೂ ಓದಲಿ, ನಾವೇ ಓದಿಸುತ್ತೇವೆ’ ಎಂಬ ಉತ್ತರ ಬಂತು. ಈಗ ಇನ್ನೊಂದು ಕಾರಣ ಹುಡುಕಿ ಎರಡನೆಯ ಪತ್ರ ಬರೆಯಬೇಕು, ಮೊದಲನೆಯದು ನೆಪವೆಂದೂ ತಿಳಿದುಹೋಗುತ್ತದೆ. ‘ಈ ವರ್ಷ ಮದುವೆಯ ಯೋಚನೆಯಿಲ್ಲ’ ಎಂಬುದಕ್ಕೆ ‘ಕಾಯುತ್ತೇವೆ’ ಎಂದು ಬರೆದರು. ಆಷಾಢ ಕಳೆದು ಶ್ರಾವಣದಲ್ಲಿ ಆ ಹುಡುಗಿಗೆ ಬೇರೆಡೆ ನಿಶ್ಚಿತಾರ್ಥವಾದರೆ ಆಗುವ ಅವಮಾನವನ್ನು ತರಗತಿಯೇ ಹೇಳಿತು. ‘ಎಷ್ಟು ಹೇಳಿದರೂ ಮಗಳು ಕೇಳುತ್ತಿಲ್ಲ’ ಎಂಬ ನಾಲ್ಕನೆಯ ಕರಡು ನಿಜಕ್ಕೆ ಹತ್ತಿರವಾಗಿತ್ತು. ಆದರೆ ಅದು ಮಗಳ ಮೇಲಿನ ದೂರನ್ನು ಪರರ ಮನೆಯಲ್ಲಿ ಕಾಗದವಾಗಿ ಉಳಿಸುತ್ತದೆ. ‘ನಮ್ಮ ಮನೆಯವಳು ಬಂದು ಬುದ್ಧಿ ಹೇಳಲಿ’ ಎಂಬ ಉತ್ತರಕ್ಕೂ ದಾರಿ ಮಾಡಿಕೊಡುತ್ತದೆ.

ಇದರಿಂದ ಕಾರಣಕ್ಕೆ ಮೂರು ಪ್ರಶ್ನೆಗಳು ಸಿದ್ಧವಾದವು. ಅದು ನಿಜವೇ? ಅದನ್ನು ಅವರು ಸರಿಪಡಿಸಿಕೊಡುತ್ತೇವೆ ಎನ್ನಬಹುದೇ? ಹುಡುಗನೇ ಪತ್ರ ಓದಿದರೆ ಅವನ ಮನಸ್ಸಿಗೆ ನೋವಾಗುತ್ತದೆಯೇ? ಈ ಸನ್ನಿವೇಶದಲ್ಲಿ ಮೂರನ್ನೂ ದಾಟಿದ ಕಾರಣ ಒಂದೂ ಇರಲಿಲ್ಲ. ಹಾಗಾದರೆ ಕಾರಣ ಬರೆಯುವುದೇ ಬೇಡ ಎಂದೆ. ‘ಕಾರಣ ಹೇಳದಿದ್ದರೆ ಉದ್ಧಟತನವಾಗುವುದಿಲ್ಲವೇ ಮೇಡಂ?’ ಎಂದು ಒಬ್ಬರು ಕೇಳಿದರು. ಗೌರವವನ್ನು ಕಾರಣದಿಂದ ತೋರಿಸಬೇಕಾಗಿಲ್ಲ, ಅವರು ಬಂದುಹೋದದ್ದನ್ನು ಎಷ್ಟು ನಿರ್ದಿಷ್ಟವಾಗಿ ನೆನೆಯುತ್ತೇವೆ ಎಂಬುದರಿಂದ ತೋರಿಸಬಹುದು ಎಂದು ವಿವರಿಸಿದೆ.

ಪತ್ರ

ಎರಡನೆಯ ಅವಧಿಯಲ್ಲಿ ಎಲ್ಲರೂ ಸೇರಿ ಸಿದ್ಧಪಡಿಸಿದ ಪತ್ರ ಇದು:

ಹಾಸನ
ದಿನಾಂಕ: …

ಮಾನ್ಯರಾದ ಶ್ರೀ … ಅವರಿಗೆ ಸವಿನಯ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ತಮ್ಮ ಮನೆಯವರೆಲ್ಲರ ಕ್ಷೇಮವನ್ನು ಹಾರೈಸುತ್ತೇವೆ.

ಕಳೆದ ಭಾನುವಾರ ತಾವು ಕುಟುಂಬ ಸಮೇತ ನಮ್ಮ ಮನೆಗೆ ಬಂದದ್ದು ಸಂತೋಷವಾಯಿತು. ತಮ್ಮ ತಾಯಿಯವರು ಈ ವಯಸ್ಸಿನಲ್ಲೂ ಅಷ್ಟು ದೂರ ಬಂದು ನಮ್ಮ ಮನೆಯ ಹಿರಿಯರೊಡನೆ ಕುಳಿತು ಮಾತನಾಡಿದ್ದನ್ನು ನೆನೆಯುತ್ತಿರುತ್ತೇವೆ. ತಮಗೆ ಈ ಸಂಬಂಧ ಒಪ್ಪಿಗೆಯೆಂದು ನಮ್ಮ ಭಾವನವರಿಂದ ತಿಳಿಯಿತು. ತಾವು ನಮ್ಮಲ್ಲಿಟ್ಟ ವಿಶ್ವಾಸಕ್ಕೆ ಕೃತಜ್ಞರಾಗಿದ್ದೇವೆ.

ಮಗಳೂ ಸೇರಿದಂತೆ ಮನೆಯವರೆಲ್ಲ ಕುಳಿತು ಯೋಚಿಸಿದೆವು. ಈ ಸಂಬಂಧವನ್ನು ಮುಂದುವರಿಸುವುದು ಬೇಡವೆಂಬ ನಿರ್ಧಾರಕ್ಕೆ ಬಂದಿದ್ದೇವೆ. ತಮ್ಮನ್ನು ಕಾಯಿಸಬಾರದೆಂದು ಕೂಡಲೇ ಬರೆಯುತ್ತಿದ್ದೇನೆ. ಋಣಾನುಬಂಧ ಇಷ್ಟೇ ಇತ್ತೆಂದು ತಾವು ದೊಡ್ಡ ಮನಸ್ಸಿನಿಂದ ಭಾವಿಸಬೇಕೆಂದು ಕೋರುತ್ತೇನೆ.

ತಾವು ಕಳುಹಿಸಿದ್ದ ಜಾತಕ ಮತ್ತು ಭಾವಚಿತ್ರವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ತಮ್ಮ ಚಿರಂಜೀವಿಗೆ ಅನುರೂಪಳಾದ ವಧು ಬೇಗ ದೊರೆಯಲಿ.

ಇಂತಿ ತಮ್ಮ ವಿಶ್ವಾಸಿ,
…

ಭಾಷಾ ಚರ್ಚೆ

ಪತ್ರದ ಕೇಂದ್ರ ‘ಮುಂದುವರಿಸುವುದು ಬೇಡವೆಂಬ ನಿರ್ಧಾರಕ್ಕೆ ಬಂದಿದ್ದೇವೆ’ ಎಂಬ ವಾಕ್ಯ. ಒಂದು ಗುಂಪು ಇದರ ಮೊದಲು ‘ಸದ್ಯಕ್ಕೆ’ ಎಂದು ಸೇರಿಸಿತ್ತು. ಆ ಒಂದು ಪದದಿಂದ ಬಾಗಿಲು ಅರ್ಧ ತೆರೆದೇ ಉಳಿಯುತ್ತದೆ, ಹುಡುಗನ ಮನೆಯವರು ಬೇರೆ ಸಂಬಂಧ ನೋಡುವುದನ್ನು ತಡೆಹಿಡಿಯುತ್ತಾರೆ. ‘ಆಗುವುದಿಲ್ಲವೇನೋ’, ‘ಮುಂದೆ ನೋಡೋಣ’ ಎಂಬವೂ ಅಂಥವೇ. ‘ಹುಡುಗ ಒಪ್ಪಿಗೆಯಾಗಲಿಲ್ಲ’ ಎಂದರೆ ಹುಡುಗನೇ ವಾಕ್ಯದ ಕರ್ತೃವಾಗಿ, ಪರೀಕ್ಷೆಯಲ್ಲಿ ಅನುತ್ತೀರ್ಣನಾದಂತೆ ಕೇಳಿಸುತ್ತದೆ. ‘ಬಂದಿದ್ದೇವೆ’ ಎಂದಾಗ ಕರ್ತೃ ‘ನಾವು’. ಹೊಣೆ ಬರೆದವರ ಮೇಲೆ ನಿಲ್ಲುತ್ತದೆ. ‘ಮಗಳೂ ಸೇರಿದಂತೆ’ ಎಂಬುದರಿಂದ ಅವಳ ಮನಸ್ಸು ಲೆಕ್ಕಕ್ಕೆ ಬಂದಿದೆ, ಆದರೆ ಅವಳೊಬ್ಬಳನ್ನೇ ಮುಂದೆ ನಿಲ್ಲಿಸಿಲ್ಲ. ಅವಳನ್ನು ಒಲಿಸಲು ಬರುವವರಿಗೂ ಇಲ್ಲಿ ಎಡೆಯಿಲ್ಲ.

‘ಋಣಾನುಬಂಧ’ ಎಂಬ ಮಾತನ್ನು ಹಿರಿಯರು ಬಳಸುವ ರೀತಿಯನ್ನು ಗಮನಿಸಲು ಹೇಳಿದೆ. ಅದು ವಿಷಯವನ್ನು ಎರಡೂ ಮನೆಗಳ ತಪ್ಪು-ಒಪ್ಪುಗಳಿಂದ ಆಚೆಗೆ ಇಡುತ್ತದೆ. ಆದರೆ ಅದು ನಿರ್ಧಾರದ ವಾಕ್ಯದ ನಂತರ ಬರಬೇಕು. ನಿರ್ಧಾರದ ಬದಲಿಗೆ ಬಂದರೆ ಓದಿದವರು ‘ಹಾಗಾದರೆ ಏನು ಹೇಳಿದರು?’ ಎಂದು ಮಧ್ಯಸ್ಥರನ್ನು ಕೇಳಬೇಕಾಗುತ್ತದೆ.

ಪತ್ರದ ಹೊರಗಿನ ಎರಡು ಸಂಗತಿಗಳನ್ನೂ ಸೇರಿಸಿದೆ. ಅಂಚೆಗೆ ಹಾಕುವ ಮೊದಲು ಸೋದರಮಾವನಿಗೆ ತಿಳಿಸಬೇಕು. ಇಲ್ಲವಾದರೆ ಹುಡುಗನ ತಂದೆಯ ಫೋನಿಗೆ ಏನೂ ತಿಳಿಯದೆ ಉತ್ತರಿಸುವ ಮುಜುಗರ ಅವರದಾಗುತ್ತದೆ. ಭಾವಚಿತ್ರ ವಾಟ್ಸಾಪ್‌ನಲ್ಲಿ ಬಂದಿದ್ದರೆ ಅದನ್ನು ಅಳಿಸಿ, ಅಳಿಸಿದ್ದೇವೆ ಎಂದು ಬರೆಯಬೇಕು.

ಮಿತಿಗಳು

ಈ ಮಾದರಿ ನಿಶ್ಚಿತಾರ್ಥಕ್ಕೆ ಮುಂಚಿನ ಹಂತಕ್ಕೆ ಮಾತ್ರ. ನಿಶ್ಚಿತಾರ್ಥವಾದ ಮೇಲೆ ಹಿರಿಯರು ಮಧ್ಯಸ್ಥರೊಡನೆ ಖುದ್ದಾಗಿ ಹೋಗಬೇಕು. ಕೊಟ್ಟ ಒಡವೆ, ಆಗಿರುವ ಖರ್ಚುಗಳ ಮಾತೂ ಅಲ್ಲಿ ಬರುತ್ತದೆ. ವರದಕ್ಷಿಣೆ ಕೇಳಿದ್ದರಿಂದ ಸಂಬಂಧ ಬೇಡವಾಗಿದ್ದರೆ ಈ ಹೊಗಳಿಕೆಯ ಧಾಟಿ ಸಲ್ಲದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಕೇಳುವುದೇ ಅಪರಾಧ, ಅಲ್ಲಿ ಕಾರಣವನ್ನು ನೇರವಾಗಿ ಬರೆಯಬಹುದು.

ಮೌಲ್ಯಮಾಪನ

ಅಂಕ ಕೊಡುವಾಗ ಪತ್ರವನ್ನು ಸನ್ನಿವೇಶ ತಿಳಿಯದ ಬೇರೆ ವಿಭಾಗದ ಪ್ರಶಿಕ್ಷಣಾರ್ಥಿಯೊಬ್ಬರಿಗೆ ಓದಲು ಕೊಟ್ಟು ಎರಡೇ ಪ್ರಶ್ನೆ ಕೇಳಿದೆ. ಇದನ್ನು ಓದಿದ ಮೇಲೂ ನೀವು ಕಾಯುತ್ತೀರಾ? ಮುಂದಿನ ತಿಂಗಳು ನೆಂಟರ ಮದುವೆಯಲ್ಲಿ ಬರೆದವರು ಎದುರಾದರೆ ಮಾತನಾಡಿಸುತ್ತೀರಾ? ಮೊದಲನೆಯದಕ್ಕೆ ‘ಇಲ್ಲ’, ಎರಡನೆಯದಕ್ಕೆ ‘ಹೌದು’ ಬಂದ ಪತ್ರಗಳಿಗೆ ಒಡಲಿನ ಪೂರ್ಣ ಅಂಕ ಕೊಟ್ಟೆ.

ಮನೆಗೆಲಸವಾಗಿ ಇದೇ ಸನ್ನಿವೇಶವನ್ನು ತಿರುಗಿಸಿ ಕೊಟ್ಟಿದ್ದೇನೆ: ಹುಡುಗಿಯ ಮನೆಯವರು ಒಪ್ಪಿದ್ದಾರೆ, ನೋಡಿ ಹೋದ ಹುಡುಗನ ಕಡೆಯವರು ಬೇಡವೆಂದು ಬರೆಯಬೇಕು. ಅಲ್ಲಿ ಹುಡುಗಿಯ ರೂಪದ ಬಗ್ಗೆ, ಒಳ್ಳೆಯ ಮಾತನ್ನೂ ಸೇರಿಸಿ, ಒಂದು ಪದವನ್ನೂ ಬರೆಯಬಾರದು.