ಜುಮುಕಿಯ ಭಾರ ಮತ್ತು ಕಿವಿಯ ಹಾಲೆ

ಕಿವಿಯ ಮೇಲ್ಭಾಗವನ್ನು ಮುಟ್ಟಿ ನೋಡಿದರೆ ಗಟ್ಟಿಯಾದ ಮೃದ್ವಸ್ಥಿ ಕೈಗೆ ತಾಗುತ್ತದೆ. ಓಲೆ ಧರಿಸುವ ಹಾಲೆಯಲ್ಲಿ ಅದು ಇಲ್ಲ. ಅಲ್ಲಿರುವುದು ಚರ್ಮ, ಕೊಬ್ಬು ಮತ್ತು ಅವನ್ನು ಹಿಡಿದಿಡುವ ನಾರಿನಂಥ ಅಂಗಾಂಶ ಮಾತ್ರ. ಇಂಥ ಮೆತ್ತನೆಯ ಭಾಗವು ಭಾರವನ್ನು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ. ಅದೇ ಭಾರ ದಿನವೂ ತೂಗಿದರೆ ನಿಧಾನವಾಗಿ ಜಗ್ಗಿ, ಮೊದಲಿನ ಆಕಾರಕ್ಕೆ ಮರಳದಾಗುತ್ತದೆ. ವಯಸ್ಸಾದಂತೆ ಚರ್ಮದ ಬಿಗಿ ಕಡಿಮೆಯಾಗುವುದರಿಂದ, ಮೂವತ್ತರಲ್ಲಿ ತೊಂದರೆ ಕೊಡದ ಓಲೆ ಅರವತ್ತರಲ್ಲಿ ಕೊಡಬಹುದು.

ಹಾಲೆಯನ್ನು ಕೆಡಿಸುವುದು ತೂಕವೊಂದೇ ಅಲ್ಲ. ಆ ತೂಕ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದೂ ಅಷ್ಟೇ ಮುಖ್ಯ. ಕೊಕ್ಕೆಯ ಜುಮುಕಿಯಲ್ಲಿ ಇಡೀ ಭಾರವನ್ನು ರಂಧ್ರದ ಕೆಳಅಂಚಿನಲ್ಲಿರುವ ಒಂದು ಸಣ್ಣ ತಂತಿ ಹೊರುತ್ತದೆ. ತಂತಿಯ ದಪ್ಪ ಅರ್ಧವಾದರೆ ಚರ್ಮದ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಮೇಲಾಗಿ, ನಡೆದಾಗ, ತಲೆ ಅಲುಗಿಸಿದಾಗ ಜುಮುಕಿ ತೂಗಾಡಿ ಆ ತಂತಿ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಆದ್ದರಿಂದ ಕೊಕ್ಕೆಯು ಹಗುರವಾದ ಓಲೆಗಷ್ಟೇ ತಕ್ಕುದು.

ಕಡ್ಡಿ ಮತ್ತು ತಿರುಪಿನ ಜುಮುಕಿ ಇದಕ್ಕಿಂತ ಉತ್ತಮ. ಕಡ್ಡಿ ದಪ್ಪವಾಗಿರುತ್ತದೆ, ಮುಂದಿನ ಬಿಲ್ಲೆ ಮತ್ತು ಹಿಂದಿನ ತಿರುಪು ಹಾಲೆಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಆದರೆ ಇದರಲ್ಲಿಯೂ ಒಂದು ದೋಷವಿದೆ. ಬುಟ್ಟಿಯು ಹಾಲೆಗಿಂತ ಮುಂದಕ್ಕೆ ತೂಗುವುದರಿಂದ ಬಿಲ್ಲೆ ಮುಂದಕ್ಕೆ ಬಾಗುತ್ತದೆ, ಕಡ್ಡಿಯ ಹಿಂತುದಿ ಮೇಲಕ್ಕೇಳುತ್ತದೆ, ರಂಧ್ರ ಓರೆಯಾಗಿ ಹಿಗ್ಗುತ್ತದೆ. ಹಿಂದೆ ಅಗಲವಾದ ತೆಳುಬಿಲ್ಲೆಯನ್ನು ಇಟ್ಟು ತಿರುಪು ಹಾಕಿದರೆ ಈ ಬಾಗುವಿಕೆ ಬಹುಮಟ್ಟಿಗೆ ತಪ್ಪುತ್ತದೆ. ತಿರುಪನ್ನು ಮಾತ್ರ ಅತಿಯಾಗಿ ಬಿಗಿಯಬಾರದು. ಹಾಲೆ ಬಿಳಿಚಿದರೆ ಅಲ್ಲಿ ರಕ್ತ ಸರಿಯಾಗಿ ಹರಿಯುತ್ತಿಲ್ಲವೆಂದು ತಿಳಿಯಬೇಕು.

ಒಂದು ಉದಾಹರಣೆಯನ್ನು ನೋಡೋಣ. ಮದುಮಗಳ ಜುಮುಕಿಯ ಜೋಡಿ 30 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಪ್ರತಿ ಕಿವಿಗೆ 15 ಗ್ರಾಂ. ಬೆಳಗಿನ ಮುಹೂರ್ತದಿಂದ ರಾತ್ರಿಯ ಆರತಕ್ಷತೆಯವರೆಗೆ ಅದನ್ನು ಹೊರಬೇಕು. ಮೊದಲು ಕನ್ನಡಿಯ ಮುಂದೆ ನಿಂತು, ಬುಟ್ಟಿಯನ್ನು ಬೆರಳಿನಿಂದ ಮೆಲ್ಲನೆ ಎತ್ತಿ ಹಿಡಿದು ರಂಧ್ರವನ್ನು ಗಮನಿಸಬೇಕು. ಬಳಿಕ ಕೈಬಿಟ್ಟು ನೋಡಬೇಕು. ದುಂಡಗಿದ್ದ ರಂಧ್ರ ಉದ್ದನೆಯ ಸೀಳಿನಂತೆ ಕಂಡರೆ ಆ ಭಾರ ಆ ಕಿವಿಗೆ ಹೆಚ್ಚು. ಆಗ ನೆರವಿಗೆ ಬರುವುದು ನಮ್ಮ ಹಿರಿಯರು ಬಳಸುತ್ತಿದ್ದ ಮಾಟಿ. ಜುಮುಕಿಯಿಂದ ಕಿವಿಯ ಮೇಲಾಗಿ ಹಾಯ್ದು ಕೂದಲಿಗೆ ಸಿಕ್ಕಿಸುವ ಈ ಸರಪಳಿ ಭಾರವನ್ನು ತಲೆಗೂದಲಿಗೆ ವರ್ಗಾಯಿಸುತ್ತದೆ. ಆದರೆ ಅದು ಜೋಲುತ್ತಿದ್ದರೆ ಬರಿಯ ಅಲಂಕಾರ; ಅದರ ತೂಕವೂ ಕಿವಿಗೇ ಸೇರುತ್ತದೆ. ಬೆರಳಿನಿಂದ ಎತ್ತಿದಾಗ ರಂಧ್ರ ಹೇಗೆ ಕಂಡಿತೋ, ಸರಪಳಿ ಸಿಕ್ಕಿಸಿದ ಮೇಲೂ ಹಾಗೆಯೇ ಕಾಣಬೇಕು. ಅದುವೇ ಸರಿಯಾದ ಅಳತೆ. ಶಾಸ್ತ್ರಗಳ ನಡುವೆ ಬಿಡುವಿದ್ದಾಗ ಜುಮುಕಿಯನ್ನು ತೆಗೆದಿಡುವುದು, ಮಲಗುವ ಮುನ್ನ ತಪ್ಪದೆ ತೆಗೆಯುವುದು ಕ್ಷೇಮ.

ರಂಧ್ರ ದಿನೇ ದಿನೇ ಉದ್ದವಾಗುವುದು, ಸಣ್ಣ ಓಲೆ ಹಾಕಿದರೂ ಅದು ಕೆಳಮುಖವಾಗಿ ಬಾಗುವುದು, ರಂಧ್ರದ ಕೆಳಗಿನ ಚರ್ಮ ತೆಳುವಾದ ಪಟ್ಟಿಯಂತಾಗುವುದು ಅಪಾಯದ ಸೂಚನೆಗಳು. ಈ ಹಂತದಲ್ಲಿ ತೂಗುವ ಓಲೆಯನ್ನು ಬಿಟ್ಟುಬಿಡಬೇಕು. ಮಗು ಹಿಡಿದೆಳೆದರೆ ಅಥವಾ ಸೀರೆಯ ಸೆರಗು ಸಿಕ್ಕಿಕೊಂಡರೆ ಆ ಪಟ್ಟಿ ಒಂದೇ ಕ್ಷಣದಲ್ಲಿ ಹರಿಯಬಹುದು. ತುರಿಕೆ, ಕೀವು ಇದ್ದಾಗಲೂ ಭಾರದ ಓಲೆ ಸಲ್ಲದು. ಊದಿಕೊಂಡ ಚರ್ಮ ಬೇಗ ಸೀಳುತ್ತದೆ.

ಹಾಲೆ ಹಠಾತ್ತನೆ ಹರಿದು ರಕ್ತ ಬಂದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಹಲವು ವರ್ಷಗಳಿಂದ ನಿಧಾನವಾಗಿ ಸೀಳಿದ ಹಾಲೆ ತಾನಾಗಿ ಕೂಡಿಕೊಳ್ಳದು. ಹಳೆಯ ರಂಧ್ರದ ಒಳಗೋಡೆಯೂ ಚರ್ಮವೇ ಆಗಿದ್ದು, ಚರ್ಮಕ್ಕೆ ಚರ್ಮವನ್ನು ಎಷ್ಟು ಒತ್ತಿಟ್ಟರೂ ಅವು ಬೆಸೆಯುವುದಿಲ್ಲ. ಅಂಟು, ಪಟ್ಟಿಗಳಿಂದ ಅದನ್ನು ಗುಣಪಡಿಸಲಾಗದು. ಶಸ್ತ್ರವೈದ್ಯರು ಹಾಲೆಯನ್ನಷ್ಟೇ ಮರಗಟ್ಟಿಸಿ, ಸೀಳಿನ ಒಳಚರ್ಮವನ್ನು ತೆಗೆದು, ಹಸಿ ಅಂಚುಗಳನ್ನು ಸೇರಿಸಿ ಹೊಲಿಯುತ್ತಾರೆ. ಇದು ಸಣ್ಣ ಚಿಕಿತ್ಸೆ. ಸಾಮಾನ್ಯವಾಗಿ ಅಂದೇ ಮನೆಗೆ ಮರಳಬಹುದು. ಗಾಯವಾದಲ್ಲಿ ಉಬ್ಬಿದ ಗಂಟು ಬೆಳೆಯುವ ಮೈಗುಣವುಳ್ಳವರು ಅದನ್ನು ಮೊದಲೇ ತಿಳಿಸಬೇಕು. ಮತ್ತೆ ಚುಚ್ಚಿಸಲು ಕೆಲವು ತಿಂಗಳು ಕಾಯಬೇಕಾಗಬಹುದು. ಹೊಲಿಗೆಯ ಗೆರೆಯ ಮೇಲೆ ಚುಚ್ಚಿಸದೆ ಪಕ್ಕದಲ್ಲಿ ಚುಚ್ಚಿಸಬೇಕು. ಕಲೆಯ ಜಾಗ ಎಂದಿಗೂ ಮೊದಲಿನಷ್ಟು ಗಟ್ಟಿಯಾಗಿರದು.