ಐತೀರ್ಪಿನ ನೋಟಿಸು ಬಂದಾಗ: ಹಣ ಬಿಡಬೇಡಿ, ತಕರಾರನ್ನೂ ಬಿಡಬೇಡಿ

ಪುಣೆಯಲ್ಲಿ ಅರಣ್ಯ ಉದ್ಯಾನಕ್ಕೆಂದು ಸುಮಾರು 44 ಎಕರೆ ಭೂಮಿಗೆ 2008ರ ಜನವರಿ 31ರಂದು ಐತೀರ್ಪು ಹೊರಟಿತು. ಮಾಲೀಕರು ಹಣ ಪಡೆಯಲಿಲ್ಲ, ಅದು ಸರ್ಕಾರಿ ಖಜಾನೆಯಲ್ಲೇ ಉಳಿಯಿತು. ಖಜಾನೆಯಲ್ಲಿಟ್ಟರೆ ಕೊಟ್ಟಂತಾಗದು, ಸ್ವಾಧೀನವೇ ರದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದನ್ನೇ ನಂಬಿ ಇಂದಿಗೂ ಹಲವರು ಚೆಕ್ ಮುಟ್ಟುವುದಿಲ್ಲ. ಆದರೆ 2020ರ ಮಾರ್ಚ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿದೆ. ಕೊಡಲು ಬಂದ ಹಣವನ್ನು ತಾನೇ ನಿರಾಕರಿಸಿದವನು ಸ್ವಾಧೀನ ಬಿದ್ದುಹೋಯಿತು ಎನ್ನುವಂತಿಲ್ಲ.

ನೋಟಿಸು ಕೈಸೇರಿದೊಡನೆ ಐತೀರ್ಪಿನ ಪೂರ್ತಿ ಪ್ರತಿ ತನ್ನಿ. ಸರ್ವೆ ನಂಬರು, ವಿಸ್ತೀರ್ಣ, ಬಾವಿ, ಕೊಳವೆಬಾವಿ, ಮರಗಳನ್ನು ಪಹಣಿಯ ಜೊತೆಗೂ ಜಂಟಿ ಅಳತೆಯ ದಾಖಲೆಯ ಜೊತೆಗೂ ಹೋಲಿಸಿ. ಬರಹದ ತಪ್ಪು, ಲೆಕ್ಕದ ತಪ್ಪುಗಳನ್ನು ಐತೀರ್ಪಾದ ಆರು ತಿಂಗಳೊಳಗೆ ಭೂಸ್ವಾಧೀನ ಅಧಿಕಾರಿಯೇ ಸರಿಪಡಿಸಬಹುದು.

2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕ ಹೀಗೆ. ಹಳ್ಳಿಯ ಒಂದು ಎಕರೆಗೆ ಮಾರುಕಟ್ಟೆ ಬೆಲೆ 20 ಲಕ್ಷ ಎಂದು ಇಟ್ಟುಕೊಳ್ಳಿ. ಗ್ರಾಮೀಣ ಗುಣಕ ಒಂದರಿಂದ ಎರಡರವರೆಗೆ ಇರುತ್ತದೆ, ರಾಜ್ಯ ನಿಗದಿ ಮಾಡುತ್ತದೆ. ಎರಡಿದ್ದರೆ 40 ಲಕ್ಷ. ಬಾವಿ, ಮರಗಳಿಗೆ 4 ಲಕ್ಷ ಸೇರಿದರೆ 44 ಲಕ್ಷ. ಇದರ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಬರಬೇಕು: 88 ಲಕ್ಷ. ಜೊತೆಗೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ. 12ರಷ್ಟು ಹೆಚ್ಚುವರಿ ಮೊತ್ತ ಸಿಗುತ್ತದೆ. ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯಿಂದ ಐತೀರ್ಪು ಅಥವಾ ಭೂಮಿ ವಶ, ಯಾವುದು ಮೊದಲೋ ಅಲ್ಲಿವರೆಗೆ ಇದನ್ನು ಎಣಿಸುತ್ತಾರೆ. ಒಂದೂವರೆ ವರ್ಷವಾಗಿದ್ದರೆ 3.6 ಲಕ್ಷ, ಒಟ್ಟು 91.6 ಲಕ್ಷ. ಭೂಮಿ ವಶಕ್ಕೆ ಪಡೆದೂ ಹಣ ತಡಮಾಡಿದರೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ ಬೇರೆ. ಬೆಲೆ ಕಡಿಮೆಯಾಗುವುದು ಹೆಚ್ಚಾಗಿ ಆ 20 ಲಕ್ಷದಲ್ಲಿಯೇ. ಅಧಿಕಾರಿ ಯಾವ ಮಾರಾಟ ಪತ್ರಗಳನ್ನು ಆಧಾರ ಮಾಡಿದ್ದಾರೆ, ಪಕ್ಕದ ನೀರಾವರಿ ಜಮೀನಿನ ಪತ್ರ ಬಿಟ್ಟುಹೋಗಿದೆಯೇ ಎಂದು ನೋಡಿ.

ಮೊತ್ತ ಒಪ್ಪಿಗೆಯಿಲ್ಲದಿದ್ದರೆ ರಸೀದಿಯಲ್ಲಿ “ತಕರಾರಿನೊಂದಿಗೆ ಪಡೆದಿದ್ದೇನೆ” ಎಂದು ಬರೆದೇ ಹಣ ತೆಗೆದುಕೊಳ್ಳಿ, ಒಂದು ಪ್ರತಿ ಇಟ್ಟುಕೊಳ್ಳಿ. ತಕರಾರಿಲ್ಲದೆ ಸಹಿ ಹಾಕಿದವರಿಗೆ ಮುಂದೆ 64ನೇ ಕಲಂ ಅಡಿ ಅರ್ಜಿಯ ಹಕ್ಕಿಲ್ಲ. ಬಳಿಕ 64ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ವಿಷಯವನ್ನು ಭೂಸ್ವಾಧೀನ ಪ್ರಾಧಿಕಾರಕ್ಕೆ ಒಪ್ಪಿಸಲು ಕೇಳಿ. ಐತೀರ್ಪಿನ ವೇಳೆ ನೀವು ಅಥವಾ ನಿಮ್ಮ ಪ್ರತಿನಿಧಿ ಹಾಜರಿದ್ದರೆ ಐತೀರ್ಪಿನಿಂದ ಆರು ವಾರ, ಇಲ್ಲದಿದ್ದರೆ ನೋಟಿಸು ತಲುಪಿದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲೋ ಅದೇ ಗಡುವು. ತಕ್ಕ ಕಾರಣವಿದ್ದರೆ ಇನ್ನೊಂದು ವರ್ಷ ಪರಿಗಣಿಸಬಹುದು, ಅದನ್ನು ನೆಚ್ಚಬೇಡಿ.

ಅರ್ಜಿ ಹಾಕದೇ ಉಳಿದವರಿಗೂ ಒಂದು ದಾರಿ ಇದೆ. ಅದೇ ಅಧಿಸೂಚನೆಯ ನೆರೆಯವರಿಗೆ ಪ್ರಾಧಿಕಾರ ಹೆಚ್ಚು ಬೆಲೆ ಕಟ್ಟಿದರೆ, ಆ ತೀರ್ಪಿನ ಮೂರು ತಿಂಗಳೊಳಗೆ 73ನೇ ಕಲಂ ಅಡಿ ಅದೇ ಬೆಲೆ ಕೇಳಬಹುದು.