ಹೊಸ ಫೋನು, ಎರಡು ದಿನದ ಹಸಿವು

ನನ್ನ ರೂಮ್‌ಮೇಟ್‌ನ ಮನೆ ಬೆಳ್ತಂಗಡಿಯಿಂದ ಚಾರ್ಮಾಡಿ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಅವನ ಹಳೇ ಫೋನು ಮಳೆಗೆ ನೆಂದು ಸತ್ತೇ ಹೋಯಿತು. ಒಂದು ಶುಕ್ರವಾರ ಸಂಜೆ ಮೂಡುಬಿದಿರೆಯ ಹಾಸ್ಟೆಲ್‌ನಲ್ಲಿ ಕೂತು ಹೊಸ ಫೋನಿಗೆ ಗೂಗಲ್ ಬ್ಯಾಕಪ್‌ನಿಂದ ಎಲ್ಲ ಇಳಿಸಲು ಹಾಕಿದ. ಶನಿವಾರ ಬೆಳಿಗ್ಗೆ ಏಳೂವರೆಗೆ ನೂರು ಪರ್ಸೆಂಟ್ ಚಾರ್ಜ್ ಮಾಡಿಕೊಂಡು ವೇಣೂರು ದಾರಿಯ ಬಸ್ಸು ಹತ್ತಿದ. ಮಧ್ಯಾಹ್ನ ಎರಡೂವರೆಗೆ ಫೋನು ಆಫ್.

ರಾತ್ರಿ ಅವನ ಅಮ್ಮನ ಫೋನಿನಿಂದ ನನಗೆ ಕಾಲ್ ಬಂತು. "ಮಾರಾಯ, ಬ್ಯಾಟರಿ ಹೋಗಿದೆ ಇದರದ್ದು. ಮುಟ್ಟಿದ್ರೆ ಬಿಸಿ ಉಂಟು. ನಾನು ರೀಸೆಟ್ ಹೊಡೀತೇನೆ."

ನಾನು ಬೇಡ ಅನ್ನುವಷ್ಟರಲ್ಲಿ ಕಾಲ್ ಕಟ್ಟಾಯಿತು. ಅವನು ರೀಸೆಟ್ ಹೊಡೆದೇಬಿಟ್ಟ. ಅದರಿಂದ ಏನಾಗುವುದಿತ್ತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಏಳು ಗಂಟೆಯ ಲೆಕ್ಕ ನೋಡುವ.

ಫೋನಿನ ಬ್ಯಾಟರಿ 5000 ಎಂಎಎಚ್. ಸರಾಸರಿ 3.85 ವೋಲ್ಟ್ ಅಂತ ಹಿಡಿದರೆ ಸುಮಾರು 19 ವ್ಯಾಟ್-ಅವರ್ ಶಕ್ತಿ. ಏಳು ಗಂಟೆಯಲ್ಲಿ ಅಷ್ಟೂ ಮುಗಿಯಬೇಕಾದರೆ ಫೋನು ಸರಾಸರಿ 2.7 ವ್ಯಾಟ್ ಎಳೆದಿರಬೇಕು. ಸ್ಕ್ರೀನ್ ಆಫ್ ಆಗಿ ಜೇಬಿನಲ್ಲಿ ಸುಮ್ಮನಿರುವ ಫೋನು ಗಂಟೆಗೆ ಒಂದು ಪರ್ಸೆಂಟ್ ತಿಂದರೆ ಅದು 0.2 ವ್ಯಾಟ್ ಮಾತ್ರ. ಅಂದರೆ ಹದಿಮೂರು, ಹದಿನಾಲ್ಕು ಪಟ್ಟು ಹೆಚ್ಚು. ಅಷ್ಟು ಶಕ್ತಿ ಸೋರಿ ಹೋಗುವಂಥದ್ದಲ್ಲ. ಫೋನು ಕೈಯಲ್ಲಿ ಬಿಸಿಯಾಗಿತ್ತು ಅಂದರೆ ಒಳಗೆ ಎಂತದೋ ಕೆಲಸ ನಡೀತಾ ಇತ್ತು.

ಎಂತ ಕೆಲಸ? ಮೊದಲನೆಯದು ಡೌನ್‌ಲೋಡ್. "ಸೆಟಪ್ ಮುಗಿಯಿತು" ಅಂತ ಸ್ಕ್ರೀನ್ ಹೇಳುವಾಗ ಮುಗಿದಿರುವುದು ಪ್ರಶ್ನೆ ಕೇಳುವ ಭಾಗ ಮಾತ್ರ. ಆ್ಯಪ್‌ಗಳು, ಫೋಟೋ, ವಾಟ್ಸ್‌ಆ್ಯಪ್ ಮೀಡಿಯಾ ಎಲ್ಲ ಹಿಂದಿನಿಂದ ಬರುತ್ತಾ ಇರುತ್ತವೆ. ಅವನದ್ದು ಒಟ್ಟು 24 ಜಿಬಿ ಇತ್ತು. ನಮ್ಮ ವೈಫೈ 10 ಎಂಬಿಪಿಎಸ್ ಕೊಟ್ಟರೂ (ರಾತ್ರಿ ಹತ್ತರ ಮೇಲೆ ಅದು ಎಷ್ಟು ಕೊಡುತ್ತದೆ ಅಂತ ಹಾಸ್ಟೆಲ್‌ನವರಿಗೆ ಗೊತ್ತೇ ಉಂಟು) ಐದು ಗಂಟೆ ಇಪ್ಪತ್ತು ನಿಮಿಷ ಬೇಕು.

ಎರಡನೆಯದು, ಬಂದ ಸಾಮಾನನ್ನು ಜೋಡಿಸಿಡುವ ಕೆಲಸ. ಮನೆ ಬದಲಿಸಿದಾಗ ಲಾರಿಯಿಂದ ಪೆಟ್ಟಿಗೆ ಇಳಿಸಿದ್ದೇ ಸಂಸಾರ ಶುರುವಾಗುವುದಿಲ್ಲವಲ್ಲ, ಹಾಗೆಯೇ. ಪ್ರತಿ ಫೋಟೋಗೆ ಥಂಬ್‌ನೇಲ್ ಆಗಬೇಕು. ಹುಡುಕಿದರೆ ಸಿಗುವಂತೆ ಕಾಂಟ್ಯಾಕ್ಟ್, ಮೆಸೇಜು, ಫೈಲುಗಳ ಇಂಡೆಕ್ಸ್ ಕಟ್ಟಬೇಕು. ಕೆಲವು ಫೋನುಗಳಲ್ಲಿ ಫೋಟೋದಲ್ಲಿರುವ ಮುಖಗಳನ್ನು ಗುರುತಿಸುವ ಕೆಲಸವೂ ಫೋನಿನೊಳಗೇ ಆಗುತ್ತದೆ. ಹನ್ನೆರಡು ಸಾವಿರ ಫೋಟೋ ಇದ್ದು, ಒಂದಕ್ಕೆ ಅರ್ಧ ಸೆಕೆಂಡ್ ಅಂತ ಇಟ್ಟುಕೊಂಡರೂ ಪ್ರೊಸೆಸರ್‌ಗೆ ಒಂದು ಗಂಟೆ ನಲವತ್ತು ನಿಮಿಷದ ದುಡಿಮೆ.

ಮೂರನೆಯದು ನಮ್ಮ ಕಂಪ್ಯೂಟರ್ ಸೈನ್ಸ್‌ನವರಿಗೆ ಇಷ್ಟವಾಗುವಂಥದ್ದು. ಆಂಡ್ರಾಯ್ಡ್ ಆ್ಯಪ್ ಬರುವುದು ಬೈಟ್‌ಕೋಡ್ ಆಗಿ. ಆಂಡ್ರಾಯ್ಡ್ 7ರಿಂದ ಈಚೆಗೆ, ನೀವು ಆ್ಯಪ್‌ನ ಯಾವ ಭಾಗವನ್ನು ಹೆಚ್ಚು ಬಳಸುತ್ತೀರಿ ಅಂತ ಫೋನು ನೋಡಿಕೊಂಡು, ಆ ಭಾಗವನ್ನು ಮಷಿನ್ ಕೋಡ್‌ಗೆ ಕಂಪೈಲ್ ಮಾಡಿ ಇಟ್ಟುಕೊಳ್ಳುತ್ತದೆ. ಈ ಕೆಲಸ ಆಗುವುದು ಫೋನು ಚಾರ್ಜಿಗೆ ಹಾಕಿ ಸುಮ್ಮನೆ ಬಿದ್ದಿರುವಾಗ, ಅಂದರೆ ಸಾಮಾನ್ಯವಾಗಿ ರಾತ್ರಿ. ಹೊಸ ಫೋನಿಗೆ ನಿಮ್ಮ ಅಭ್ಯಾಸ ಗೊತ್ತಿಲ್ಲ. ಆದ್ದರಿಂದ ಮೊದಲ ದಿನ ಅದೇ ಆ್ಯಪ್ ತೆರೆಯಲಿಕ್ಕೂ ಪ್ರೊಸೆಸರ್‌ಗೆ ಹೆಚ್ಚು ಕೆಲಸ.

ಇಷ್ಟೆಲ್ಲ ಸೇರಿದರೂ ಎಂಟೋ ಹತ್ತೋ ಗಂಟೆಯ ಕೆಲಸ. ಮತ್ತೆ ಎರಡು ದಿನ ಯಾಕೆ? ಯಾಕೆಂದರೆ ಫೋನು ಇದನ್ನು ಒಂದೇ ಸಲ ಮಾಡುವುದಿಲ್ಲ. ಕೆಲವು ಕೆಲಸಗಳಿಗೆ ವೈಫೈ ಬೇಕು, ಕೆಲವಕ್ಕೆ ಚಾರ್ಜರ್ ಬೇಕು, ಕೆಲವಕ್ಕೆ ನೀವು ಫೋನು ಮುಟ್ಟದೆ ಇರಬೇಕು. ಬಿಸಿ ಹೆಚ್ಚಾದರೆ ಅದೇ ನಿಧಾನ ಮಾಡುತ್ತದೆ. ಹೊಸ ಫೋನು ಕೈಗೆ ಬಂದ ದಿನ ಯಾರು ಮುಟ್ಟದೆ ಇರುತ್ತಾರೆ ಹೇಳಿ! ಹಾಗಾಗಿ ಕೆಲಸ ತುಂಡುತುಂಡಾಗಿ ಎರಡು ರಾತ್ರಿಗೆ ಹಂಚಿಹೋಗುತ್ತದೆ. ಐಫೋನ್‌ನಲ್ಲೂ ಕಥೆ ಇದೇ. ಅಪ್‌ಡೇಟ್ ಆದ ಮೇಲೆ ಇಂಡೆಕ್ಸಿಂಗ್ ಮುಗಿಯುವವರೆಗೆ ಬ್ಯಾಟರಿ ಬೇಗ ಇಳಿಯಬಹುದು, ಫೋನು ಬಿಸಿಯಾಗಬಹುದು ಅಂತ ಆ್ಯಪಲ್ ತಾನೇ ಬರೆದುಕೊಂಡಿದೆ.

ನನ್ನ ರೂಮ್‌ಮೇಟ್‌ಗೆ ಇದರ ಮೇಲೆ ಊರಿನ ಸಿಗ್ನಲ್ ಬೇರೆ. ವೇಣೂರು ದಾಟಿ ಗುಡ್ಡ, ರಬ್ಬರ್ ತೋಟ ಶುರುವಾದ ಮೇಲೆ ಟವರ್ ದೂರ. ಟವರ್ ದೂರವಾದಷ್ಟೂ ಫೋನು ಗಟ್ಟಿಯಾಗಿ ಕೂಗಬೇಕು. 4ಜಿ ಫೋನಿನ ಗರಿಷ್ಠ ಟ್ರಾನ್ಸ್‌ಮಿಟ್ ಪವರ್ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಕೇಳಲು ಕಡಿಮೆ. ಆದರೆ ಆಂಪ್ಲಿಫೈಯರ್‌ಗೆ ಹೋಗುವ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿಯೇ ಕಳೆದುಹೋಗುವುದರಿಂದ ಬ್ಯಾಟರಿಯಿಂದ ಅದರ ಹಲವು ಪಟ್ಟು ಬೇಕು. ಸಿಗ್ನಲ್ ಕಡಿಮೆಯಿದ್ದರೆ ವೇಗವೂ ಕಡಿಮೆ, ಹಾಗಾಗಿ ಅಷ್ಟೇ ಡೇಟಾ ತರಲು ರೇಡಿಯೋ ಹೆಚ್ಚು ಹೊತ್ತು ಎಚ್ಚರ ಇರಬೇಕು. ಹಾಸ್ಟೆಲ್‌ನಲ್ಲಿ ಮುಗಿಯದೆ ಉಳಿದ ಕೆಲಸವನ್ನು ಅವನ ಫೋನು ಒಂದು ಕಡ್ಡಿ ಸಿಗ್ನಲ್‌ನಲ್ಲಿ ಮಾಡಲು ಹೊರಟಿತ್ತು. ಬಂಟ್ವಾಳದಲ್ಲಿ, ನಮ್ಮ ಮನೆಯಲ್ಲಿ ಇದ್ದಿದ್ದರೆ ಅದೇ ಫೋನು ಸಂಜೆವರೆಗೆ ಬರುತ್ತಿತ್ತು ಅಂತ ನನ್ನ ಅಂದಾಜು.

ಈಗ ರೀಸೆಟ್‌ನ ವಿಷಯ. ರೀಸೆಟ್ ಮಾಡಿದರೆ ಆದ ಅರ್ಧ ಕೆಲಸ ಅಳಿಸಿಹೋಗಿ, ಎಲ್ಲ ಮತ್ತೆ ಒಂದರಿಂದ ಶುರು. ಅದಾದರೂ ಪರವಾಗಿಲ್ಲ. ಅವನು ಸಿಟ್ಟಿನಲ್ಲಿ ಮೊಬೈಲ್ ಡೇಟಾದಲ್ಲೇ ಸೆಟಪ್ ಮಾಡುವಾಗ ವಾಟ್ಸ್‌ಆ್ಯಪ್ "ಬ್ಯಾಕಪ್ ಸಿಕ್ಕಿದೆ, ರಿಸ್ಟೋರ್ ಮಾಡಲಾ?" ಅಂತ ಕೇಳಿದ್ದಕ್ಕೆ ಸ್ಕಿಪ್ ಒತ್ತಿದ್ದ. ಹಳೇ ಫೋನಂತೂ ಇಲ್ಲ. ಹೋದ ವರ್ಷ ತೀರಿಕೊಂಡ ಅವನ ಅಜ್ಜನ ವಾಯ್ಸ್ ಮೆಸೇಜುಗಳು ಇದ್ದದ್ದು ಆ ಬ್ಯಾಕಪ್‌ನಲ್ಲಿ ಮಾತ್ರ. ಖಾಲಿ ವಾಟ್ಸ್‌ಆ್ಯಪ್ ರಾತ್ರಿ ತಾನಾಗಿ ಹೊಸ ಬ್ಯಾಕಪ್ ತೆಗೆದಿದ್ದರೆ, ಅದೇ ನಂಬರಿನ ಹಳೇ ಬ್ಯಾಕಪ್ ಮೇಲೆ ಅದು ಕೂತುಬಿಡುತ್ತಿತ್ತು. ಉಳಿಸಿದ್ದು ಅವನ ಮನೆಯಲ್ಲಿ ವೈಫೈ ಇಲ್ಲದ್ದು. ಬ್ಯಾಕಪ್ "ವೈಫೈ ಮಾತ್ರ" ಅಂತ ಇತ್ತು. ಭಾನುವಾರ ಸಂಜೆ ಹಾಸ್ಟೆಲ್‌ಗೆ ಬಂದವನ ಕೈಯಿಂದ ಫೋನು ತೆಗೆದುಕೊಂಡು, ವೈಫೈಗೆ ಸೇರಿಸುವ ಮೊದಲೇ ವಾಟ್ಸ್‌ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಮತ್ತೆ ಹಾಕಿ, ಈ ಸಲ ರಿಸ್ಟೋರ್ ಒತ್ತಿದೆವು. ಫೋನನ್ನು ಚಾರ್ಜಿಗೆ ಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ (ಸೇವರ್ ಆನ್ ಇದ್ದರೆ ಈ ಕೆಲಸಗಳು ಮುಂದಕ್ಕೆ ಹೋಗುತ್ತವೆ ಅಷ್ಟೇ, ಮುಗಿಯುವುದಿಲ್ಲ) ರಾತ್ರಿಯಿಡೀ ಮುಟ್ಟದೆ ಬಿಟ್ಟೆವು.

ಹಾಗಾದರೆ ಬ್ಯಾಟರಿ ನಿಜವಾಗಿ ಕೆಟ್ಟಿದ್ದರೆ ತಿಳಿಯುವುದು ಹೇಗೆ? ಒಂದು ದಿನದ ಅಂಕಿ ನೋಡಬೇಡಿ, ಇಳಿಜಾರು ನೋಡಿ. ಮೊದಲ ದಿನ ಗಂಟೆಗೆ ಹದಿನಾಲ್ಕು, ಎರಡನೇ ದಿನ ಒಂಬತ್ತು, ಮೂರನೇ ದಿನ ಐದು ಅಂತ ಕಡಿಮೆಯಾಗುತ್ತಿದ್ದರೆ ಕೆಲಸ ಮುಗಿಯುತ್ತಾ ಬಂದಿದೆ. ನಾಲ್ಕನೇ ದಿನವೂ ಅಷ್ಟೇ ಇದ್ದರೆ ಯಾವುದೋ ಆ್ಯಪ್ ಒಂದೇ ಕೆಲಸವನ್ನು ಸೋತು ಸೋತು ಮತ್ತೆ ಮಾಡುತ್ತಿರಬಹುದು. ಆಗ ಲ್ಯಾಪ್‌ಟಾಪ್‌ಗೆ ಜೋಡಿಸಿ ನೋಡಿ:

```
adb shell dumpsys batterystats --charged
adb shell dumpsys jobscheduler
```

ಮೊದಲನೆಯದು ಕಳೆದ ಚಾರ್ಜಿನ ನಂತರ ಯಾರು ಎಷ್ಟು ತಿಂದರು ಅಂತ ಹೇಳುತ್ತದೆ. ಎರಡನೆಯದು ಯಾವ ಕೆಲಸ ಯಾವ ಷರತ್ತಿಗೆ ಕಾಯುತ್ತಾ ಕೂತಿದೆ ಅಂತ ತೋರಿಸುತ್ತದೆ. ಔಟ್‌ಪುಟ್ ಉದ್ದ, ಫೈಲಿಗೆ ಹಾಕಿಕೊಂಡು ಓದಿ.

ಬ್ಯಾಟರಿಯ ಮೇಲೇ ಅನುಮಾನ ಇದ್ದರೆ ಇನ್ನೂ ಸುಲಭದ ಪರೀಕ್ಷೆ ಉಂಟು. ಮೂರು ದಿನ ಕಳೆದ ಮೇಲೆ ಮಲಗುವಾಗ ಫುಲ್ ಚಾರ್ಜ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ ಎಂಟು ಗಂಟೆ ಬಿಡಿ. ನಾಲ್ಕೈದು ಪರ್ಸೆಂಟ್ ಒಳಗೆ ಇಳಿದರೆ ಬ್ಯಾಟರಿ ಸರಿಯಾಗಿಯೇ ಉಂಟು. ಹದಿನೈದು, ಇಪ್ಪತ್ತು ಇಳಿದರೆ, ಇಲ್ಲಾ ನಲವತ್ತರಲ್ಲಿದ್ದ ಫೋನು ಏಕಾಏಕಿ ಆಫ್ ಆದರೆ, ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋಗಿ. ಹಿಂಬದಿ ಉಬ್ಬಿದ ಹಾಗೆ ಕಂಡರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ಚಾರ್ಜಿಗೆ ಹಾಕದೆ ಸೀದಾ ಸರ್ವಿಸ್ ಸೆಂಟರ್.

ರೂಮ್‌ಮೇಟ್‌ನ ಫೋನು ಬುಧವಾರ ರಾತ್ರಿ ಈ ಪರೀಕ್ಷೆಯಲ್ಲಿ ಮೂರು ಪರ್ಸೆಂಟ್ ಇಳಿಯಿತು. ಬೆಳಿಗ್ಗೆ ಏಳುವಾಗ ಅವನು ಇಯರ್‌ಫೋನ್ ಹಾಕಿಕೊಂಡು ಅಜ್ಜನ ಮೆಸೇಜ್ ಕೇಳುತ್ತಾ ಕೂತಿದ್ದ. ಅಡಿಕೆಗೆ ಮದ್ದು ಬಿಡಲು ಜನ ಸಿಗಲಿಲ್ಲ ಅಂತ ಅಜ್ಜ ಬೈಯುತ್ತಿದ್ದದ್ದು ಅಂತೆ.